ಉಳಿದ ಮಾಲು ಅಂತ ಬರೆದ ಸೀರೆ

ಆ ಮೆಸೇಜನ್ನು ನಾನು ನಿಂತಲ್ಲೇ ನಿಂತು ಬರೆದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮುಚ್ಚಲಾರದ ಕಪಾಟಿನ ಬಾಗಿಲು. ದೀಪಾವಳಿ ಪಾಡ್ಯ ಮುಗಿದು ನಾಲ್ಕು ದಿನವಾಗಿತ್ತು. ಕಪಾಟಿನಲ್ಲಿ ನವಿಲುಬಣ್ಣದ ಇಳಕಲ್ ಸೀರೆ ಹತ್ತೊಂಬತ್ತು ಉಳಿದಿದ್ದವು. ಬಾಗಿಲು ಒತ್ತಿದಷ್ಟೂ ಹೊರಗೆ ಬರುತ್ತಿದ್ದವು. ನನಗೆ ಸಿಟ್ಟು ಬಂತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅವತ್ತು ಸಿಟ್ಟು ಬಂದದ್ದು ನನ್ನ ಮೇಲೆ, ಬಿದ್ದದ್ದು ಸೀರೆಗಳ ಮೇಲೆ.

ನಮ್ಮದು ಧಾರವಾಡದಲ್ಲಿ ಸಣ್ಣ ಅಂಗಡಿ. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ನಮ್ಮ ಅತ್ತೆ ಹರೆಯದಲ್ಲಿ ಚಾಪೆ ಹಾಸಿಕೊಂಡು ರವಿಕೆಯ ಖಣ ಮಾರಲು ಕೂತದ್ದು ಬೆಳೆದು ಇಷ್ಟಾಗಿದೆ. ಈಗ ಅವರಿಗೆ ಎಂಬತ್ತು ದಾಟಿದೆ. ಮೂಲೆಯ ಕುರ್ಚಿಯಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಾರೆ, ವ್ಯಾಪಾರ ನನ್ನದು. ಇಳಕಲ್ ಸೀರೆ, ಖಣ, ಇವೆರಡು ಬಿಟ್ಟು ಮೂರನೆಯದು ಇಡುವುದಿಲ್ಲ. ಬಂದವರ ನಂಬರು ತೆಗೆದುಕೊಂಡು ಫೋನಿನಲ್ಲಿ ಒಂದು ಪಟ್ಟಿ ಮಾಡಿಟ್ಟಿದ್ದೇನೆ. ಹೊಸ ಸೀರೆ ಬಂದರೆ ಫೋಟೋ ತೆಗೆದು ಆ ಪಟ್ಟಿಗೆ ಒಮ್ಮೆ ಕಳಿಸಿದರೆ, ನನ್ನ ನಂಬರು ಇಟ್ಟುಕೊಂಡವರಿಗೆಲ್ಲ ಬೇರೆ ಬೇರೆಯಾಗಿ ಮುಟ್ಟುತ್ತದೆ. ಓದಿದವರಿಗೆ ತಮಗೊಬ್ಬರಿಗೇ ಬರೆದದ್ದು ಅನ್ನಿಸುವ ಹಾಗೆ ಕಾಣುತ್ತದೆ ಅದು. ಅದರ ಅನುಕೂಲ ನನಗೆ ಗೊತ್ತಿತ್ತು. ಅದರ ಅಪಾಯ ಮಾತ್ರ ಗೊತ್ತಿರಲಿಲ್ಲ.

ಅಷ್ಟು ಸೀರೆ ಯಾಕೆ ಉಳಿದವು ಅಂದರೆ, ಅದಕ್ಕೂ ನಾನೇ ಕಾರಣ. ಹಿಂದಿನ ವರ್ಷ ಅದೇ ನವಿಲುಬಣ್ಣ ಹಬ್ಬಕ್ಕೆ ಎರಡು ದಿನ ಮೊದಲೇ ಮುಗಿದು, ಎಷ್ಟೋ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸಿದ್ದೆ. ಆ ಸಂಕಟ ನೆನಪಿಟ್ಟುಕೊಂಡು ಈ ಸಲ ನಮ್ಮ ಹಿರಿಯ ನೇಕಾರರೊಬ್ಬರಿಗೆ ದುಪ್ಪಟ್ಟು ಹೇಳಿದೆ. ಮಗ್ಗಕ್ಕೆ ಒಮ್ಮೆ ಹಾಸು ಹೂಡಿದರೆ ಒಂದೇ ಬಣ್ಣದ ಐದಾರು ಸೀರೆ ಇಳಿಯುತ್ತವೆ. ನಡುವೆ ಸಾಕು ಅಂದರೆ ಆಗುವುದಿಲ್ಲ. ಆ ಹಿರಿಯರು ಒಂದು ಹಾಸು ಕಡಿಮೆ ಮಾಡೋಣವೇ ಅಂತ ಕೇಳಿಯೂ ಇದ್ದರು. ನೀವು ನೇಯಿರಿ, ಮಾರುವುದು ನನಗೆ ಬಿಡಿ ಅಂತ ನಾನು ಜಂಬದಿಂದ ಹೇಳಿದ್ದೆ. ಈ ವರ್ಷ ಬಂದವರ ಕಣ್ಣೆಲ್ಲ ಗುಲಾಬಿ ಬಣ್ಣದ ಮೇಲೆ ಬಿತ್ತು. ನವಿಲುಬಣ್ಣ ಕೇಳಿದವರು ಕೆಲವರೇ. ತುಳಸಿ ಲಗ್ನ ಆದ ಕೂಡಲೇ ಮದುವೆಗಳು ಶುರು, ಮದುವೆಯ ಸೀರೆಗಳು ಬರುತ್ತವೆ, ಇಡಲು ಇರುವುದು ಒಂದೇ ಕಪಾಟು.

ಹಾಗೆ ಬರೆದೆ. ನನಗೆ ದಿನಾ ಬರುವ ಇಂಥ ಮೆಸೇಜುಗಳು ಯಾವ ಧಾಟಿಯಲ್ಲಿರುತ್ತವೋ ಅದೇ ಧಾಟಿ. "ದೀಪಾವಳಿಯಲ್ಲಿ ಉಳಿದ ಮಾಲು. ಖಾಲಿ ಮಾಡುವುದಿದೆ. ಅರ್ಧ ಬೆಲೆ. ಬದಲಿ ಇಲ್ಲ, ವಾಪಸ್ ಇಲ್ಲ. ಬೇಗ ಬನ್ನಿ." ಹತ್ತೊಂಬತ್ತನ್ನೂ ಚಾಪೆಯ ಮೇಲೆ ಗುಡ್ಡೆ ಹಾಕಿ ಒಂದು ಫೋಟೋ ತೆಗೆದೆ, ಮೇಲೊಂದು ಸೀರೆಯ ಸೆರಗು ಕಾಣುವಂತೆ. ಕಳಿಸಿದೆ. ಕಳಿಸಿದ ಮೇಲೆ ಅನ್ನಕ್ಕೆ ಇಟ್ಟೆ. ಅಷ್ಟು ಹಗುರವಾಗಿ ಮಾಡಿದ ಕೆಲಸ ಅದು.

ಇಲ್ಲಿ ನಮ್ಮೂರ ಅಂಚಿನ ಕೆಲಗೇರಿಯ ಅಕ್ಕೋರ ಬಗ್ಗೆ ಹೇಳಬೇಕು. ಅಕ್ಕೋರು ಅಂದರೆ ಶಾಲೆಯಲ್ಲಿ ಕಲಿಸುವವರು. ಅವರನ್ನು ಕೇರಿಯಲ್ಲಿ ಯಾರೂ ಬೇರೆ ಹೆಸರಿನಿಂದ ಕರೆದದ್ದು ಕೇಳಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಒಬ್ಬಳೇ ಮಗಳು. ಆ ಹುಡುಗಿಯನ್ನು ಬೇಸಿಗೆಯಲ್ಲಿ ಹುಬ್ಬಳ್ಳಿಯ ಉಣಕಲ್‌ಗೆ ಕೊಟ್ಟಿದ್ದರು. ಮದುವೆಯ ಸೀರೆಗಳೂ ನಮ್ಮ ಅಂಗಡಿಯವೇ. ಬೀಗತಿಯೂ, ಅಂದರೆ ಅಳಿಯನ ತಾಯಿಯೂ, ಅವತ್ತು ಜೊತೆಗೆ ಬಂದು ನಮ್ಮ ಪಟ್ಟಿಯಲ್ಲಿ ತಮ್ಮ ನಂಬರು ಬರೆಸಿ ಹೋಗಿದ್ದರು. ಮದುವೆಯ ನಂತರ ಬೀಗತಿ ಯಾರೋ ನೆಂಟರ ಮುಂದೆ, ಬೀಗರ ಕಡೆಯಿಂದ ಬಂದದ್ದೆಲ್ಲ ಸ್ವಲ್ಪ ಹಗುರ ಆಯಿತು ಅಂದರಂತೆ. ಸೀರೆಗಲ್ಲ, ಪಾತ್ರೆಗೆ ಅಂದದ್ದು. ಆದರೂ ಆ ಮಾತು ಕೆಲಗೇರಿ ಮುಟ್ಟಿತ್ತು, ಮುಳ್ಳಿನಂತೆ ನೆಟ್ಟಿತ್ತು.

ಅದಕ್ಕೇ ಮೊದಲ ದೀಪಾವಳಿಗೆ ಅಕ್ಕೋರು ಅಷ್ಟು ಎಚ್ಚರ ವಹಿಸಿದ್ದು. ಮಗಳು ಅಳಿಯ ತವರಿಗೆ ಬರುವ ಹಬ್ಬ ಅದು. ತಿರುಗಿ ಹೋಗುವಾಗ ಬೀಗತಿಗೆ ಸೀರೆ ಕೊಟ್ಟು ಕಳಿಸಬೇಕು. ಹಬ್ಬಕ್ಕೆ ವಾರ ಮೊದಲು ಅಂಗಡಿಗೆ ಬಂದು, ತಮಗೆ ಬಣ್ಣ ತಿಳಿಯುವುದಿಲ್ಲ, ನೀವೇ ಆರಿಸಿ ಅಂತ ನನ್ನ ಮುಂದೆ ಕೂತರು. ನಾನು ನವಿಲುಬಣ್ಣದ್ದು ಆರಿಸಿದೆ. ಒಡಲಿನ ಬಣ್ಣ ಬಿಸಿಲಿಗೊಂದು, ನೆರಳಿಗೊಂದು ಕಾಣುತ್ತಿತ್ತು. ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳು. ಇದರಲ್ಲಿ ಒಂದೆಳೆ ಕೊರತೆ ಕಂಡರೂ ನನ್ನನ್ನು ಕೇಳಿ ಅಂತ ಎದೆ ತಟ್ಟಿ ಹೇಳಿದೆ. ಅವರು ಮಡಿಕೆ ಬಿಚ್ಚಿ ನೋಡಲೂ ಇಲ್ಲ. ನನ್ನ ಮಾತಿನ ಮೇಲೆ ಒಯ್ದರು.

ಮೆಸೇಜು ಹೋದ ದಿನವೇ ಮಂದಿ ಬಂದರು. ಬಂದದ್ದಕ್ಕೆ ಮೊದಲು ಖುಷಿಯಾಯಿತು. ಆಮೇಲೆ ನೋಡಿದೆ, ಒಬ್ಬೊಬ್ಬರೂ ಸೀರೆಯನ್ನು ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿಯುತ್ತಿದ್ದಾರೆ, ಅಂಚನ್ನು ಬೆರಳಲ್ಲಿ ಸವರುತ್ತಿದ್ದಾರೆ, ಸೆರಗು ಕೂಡಿಸಿದ ಜಾಗವನ್ನು ಜಗ್ಗುತ್ತಿದ್ದಾರೆ. ನಮ್ಮ ಅಂಗಡಿಯಲ್ಲಿ ಹಾಗೆ ಯಾರೂ ಎಂದೂ ಹುಡುಕಿರಲಿಲ್ಲ. ಒಬ್ಬಾಕೆ ನೇರವಾಗಿ, ಎಲ್ಲಿ ಹರಿದಿದೆ ತೋರಿಸಿಬಿಡಿ, ತೊಂದರೆ ಇಲ್ಲ, ಮನೆಯಲ್ಲೇ ಉಡುವುದಕ್ಕೆ ಅಂದಳು. ಹರಿದಿಲ್ಲ ಅಂದೆ. ಹಾಗಾದರೆ ಬಣ್ಣ ಬಿಡುತ್ತದೆಯೇ ಅಂದಳು. ಬಿಡುವುದಿಲ್ಲ ಅಂದೆ. ಹಾಗಾದರೆ ಅರ್ಧಕ್ಕೆ ಯಾಕೆ ಕೊಡುತ್ತೀರಿ ಅಂತ ಕೇಳಿದಳು. ನಾನು ದನಿ ಏರಿಸಿದೆ. ಆಕೆ ಸೀರೆ ಕೆಳಗಿಟ್ಟು ಹೋದಳು.

ಇನ್ನೊಬ್ಬರು ನಮ್ಮ ಹಳೆಯ ಗಿರಾಕಿ. ಮೂರು ಸೀರೆ ಒಟ್ಟಿಗೆ ತೆಗೆದುಕೊಂಡರು. ನಾನು ಸಂತೋಷದಿಂದ ಯಾವುದನ್ನು ನೀವು ಉಡುತ್ತೀರಿ ಅಂತ ಕೇಳಿದೆ. ಉಡುವುದಕ್ಕಲ್ಲ, ಕೆಲಸದವರಿಗೆ ಕೊಡುವುದಕ್ಕೆ ಅಂದರು. ಕೆಲಸದವರು ಒಳ್ಳೆಯ ಸೀರೆ ಉಡಬಾರದು ಅಂತಲ್ಲ. ಉಡಲಿ, ಚೆನ್ನಾಗಿ ಉಡಲಿ. ಆದರೆ ಅವರ ಬಾಯಲ್ಲಿ ಆ ಮಾತು ಬಂದ ರೀತಿ ಇತ್ತಲ್ಲ, ಅದನ್ನು ಕೇಳಿ ಮೂರನ್ನೂ ಕಾಗದ ಕಟ್ಟದೆ ಹಾಗೇ ಚೀಲಕ್ಕೆ ತುರುಕಿ ಕೊಟ್ಟೆ. ಮೂರು ದಿನದಲ್ಲಿ ಹೋದದ್ದು ಐದು ಸೀರೆ. ಐದೂ ಅನುಮಾನದಿಂದ ಹೋದವು.

ಮೂರನೆಯ ದಿನ ಮಧ್ಯಾಹ್ನ ಅಕ್ಕೋರು ಬಂದರು. ಶಾಲೆ ಇರುವ ಹೊತ್ತು. ರಜೆ ಹಾಕಿ ಬಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತು, ಚೀಲದಿಂದ ಒಂದು ಸೀರೆ ತೆಗೆದು ನನ್ನ ಮುಂದಿಟ್ಟರು. ನವಿಲುಬಣ್ಣದ್ದು. ಮಡಿಕೆ ಹಾಗೇ ಇತ್ತು, ನಾನು ಕಟ್ಟಿಕೊಟ್ಟ ಕಾಗದ ಕೂಡ. ಮೇಲೆ ಅರಿಷಿಣ ಕುಂಕುಮ ಹಚ್ಚಿ ಕೊಟ್ಟ ಗುರುತು.

"ಒಂದ ಮಾತ ಕೇಳಬೇಕಾಗಿತ್ತು ವೈನಿ," ಅಂದರು. "ಈ ಸೀರ್ಯಾಗ ಏನ ಕೊರತಿ ಇತ್ತು?"

ಏನೂ ಇಲ್ಲ ಅಂದೆ. ಅವರು ತಲೆಯಾಡಿಸಿದರು, ಸಿಟ್ಟಿನಿಂದಲ್ಲ. ಆಮೇಲೆ ಆದದ್ದನ್ನೆಲ್ಲ ಪಾಠ ಒಪ್ಪಿಸಿದಂತೆ ಒಂದೇ ದನಿಯಲ್ಲಿ ಹೇಳಿದರು. ಉಣಕಲ್ಲಿನಲ್ಲಿ ಬೀಗತಿ ನನ್ನ ಮೆಸೇಜು ನೋಡಿದ್ದಾರೆ. ಗುಡ್ಡೆಯ ಮೇಲಿನ ಸೆರಗು ಗುರುತು ಹಿಡಿದಿದ್ದಾರೆ. ಸೊಸೆಯನ್ನು ಕರೆದು ಫೋನು ತೋರಿಸಿ, ನಿಮ್ಮವ್ವ ಹುಡುಕಿ ಹುಡುಕಿ ಉಳಿದ ಮಾಲು ತಂದಾಳ ನೋಡು ಅಂದಿದ್ದಾರೆ. ಮದುವೆಯ ಹೊತ್ತಿನ ಮಾತು ಮತ್ತೆ ಬಂದಿದೆ. ಅಳಿಯ ಪಾಪ ನಡುವೆ ಬಾಯಿ ತೆರೆಯಲಿಲ್ಲ. ಮರುದಿನ ಸೀರೆಯನ್ನು ಬಿಚ್ಚದೆಯೇ, ಇದು ನಿಮ್ಮವ್ವನಿಗೇ ಇರಲಿ ಅಂತ ಸೊಸೆಯ ಕೈಗೆ ಕೊಟ್ಟು, ನಾಲ್ಕು ದಿನ ತವರಿಗೆ ಹೋಗಿ ಬಾ ಅಂತ ಬಸ್ಸು ಹತ್ತಿಸಿದ್ದಾರೆ. ಬಾ ಅಂದರೇ ಹೊರತು ಯಾವತ್ತು ಅಂತ ಹೇಳಲಿಲ್ಲ. ಮಗಳು ಬಂದವಳು ಮಾತಾಡುತ್ತಿಲ್ಲ. ಇನ್ನು ಯಾವ ಮುಖ ಹೊತ್ತು ಆ ಮನೆಯ ಹೊಸ್ತಿಲು ದಾಟಲಿ ಅಂತ ಒಮ್ಮೆ ಮಾತ್ರ ಕೇಳಿದಳಂತೆ.

ಬಾಯಿಗೆ ಬಂದದ್ದು ಅಂಗಡಿಯವಳ ಮಾತೇ. ಅರ್ಧ ಹಣ ವಾಪಸ್ ಕೊಡುತ್ತೇನೆ ಅಂದೆ. ಅಕ್ಕೋರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದೆ ಇದೆ. ಆಮೇಲೆ ಇನ್ನೂ ದಡ್ಡತನದ ಮಾತಾಡಿದೆ. ಪಾವತಿ ಚೀಟಿ ಇದೆಯಲ್ಲ, ಪೂರ್ತಿ ಬೆಲೆ ಅದರಲ್ಲಿದೆ, ತೋರಿಸಿಬಿಡಿ ಅಂದೆ.

"ಬೀಗರಿಗೆ ಪಾವತಿ ತೋರಸ್ತಾರೇನ್ರಿ?" ಅಂದರು. "ಕೊಟ್ಟ ಸೀರಿ ಬೆಲಿ ಬಾಯಿ ಬಿಟ್ಟು ಹೇಳಿದ್ರ, ಕೊಟ್ಟಂಗ ಆಗ್ತದೇನು? ಅದಕಿಂತ ಅವರು ತಿಳಕೊಂಡದ್ದ ಛಲೋ."

ಹೌದು. ಉಡುಗೊರೆಯ ಬೆಲೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅಂಗಡಿಯಿಂದ ಸೀರೆ ಕಟ್ಟಿ ಕೊಡುವಾಗ ಮೊದಲು ನಾನು ಮಾಡುವ ಕೆಲಸವೇ ಬೆಲೆಯ ಚೀಟಿ ಕಿತ್ತು ಹಾಕುವುದು. ನಾನೇ ಕಿತ್ತ ಚೀಟಿಯನ್ನು ಹಬ್ಬ ಮುಗಿದ ಮೇಲೆ, ಅರ್ಧ ಮಾಡಿ, ಆ ಬೀಗತಿಯ ಕೈಗೆ ನಾನೇ ಕಳಿಸಿದ್ದೆ. ಇಷ್ಟು ವರ್ಷ ಇದೇ ಊರಲ್ಲಿ ಸೀರೆ ಮಾರಿದವಳಿಗೆ ಇದು ಹೊಳೆಯಲಿಲ್ಲವಲ್ಲ ಅಂತ ನಾಲಿಗೆ ಕಚ್ಚಿಕೊಂಡೆ. ಅಕ್ಕೋರು ಎದ್ದರು. ಸೀರೆಯನ್ನು ಬಿಟ್ಟು ಹೋಗುತ್ತಾರೇನೋ ಅಂದುಕೊಂಡೆ. ಇಲ್ಲ, ಮತ್ತೆ ಚೀಲಕ್ಕೆ ಹಾಕಿಕೊಂಡರು. ಹಣ ಕೇಳಲು ಬಂದಿರಲಿಲ್ಲ ಅವರು. ಕೊರತೆ ಇತ್ತೋ ಇಲ್ಲವೋ, ಅಷ್ಟು ತಿಳಿದುಕೊಂಡು ಹೋಗಲು ಬಂದಿದ್ದರು.

ಅವರು ಹೋದ ಮೇಲೆ ನಾನು ಫೋನು ತೆಗೆದು ಆ ಮೆಸೇಜನ್ನು ಎಲ್ಲರಿಂದಲೂ ಅಳಿಸಲು ನೋಡಿದೆ. ಹೊತ್ತು ಮೀರಿತ್ತು, ಅಳಿಸಲು ಬರಲಿಲ್ಲ. ಬಂದಿದ್ದರೂ ಪ್ರಯೋಜನ ಅಷ್ಟರಲ್ಲೇ ಇತ್ತು. ಮಂದಿ ಅದನ್ನು ತಂಗಿಗೆ, ನೆಗೆಣ್ಣಿಗೆ ಕಳಿಸಿ ಆಗಿತ್ತು. ಉಣಕಲ್‌ಗೆ ನಾನೇ ಹೋಗಿ ಬೀಗತಿಯ ಕಾಲಿಗೆ ಬೀಳುತ್ತೇನೆ ಅಂತ ಎದ್ದೆ. ಮೂಲೆಯ ಕುರ್ಚಿಯಲ್ಲಿ ಎಲ್ಲ ಕೇಳಿಸಿಕೊಂಡು ಕೂತಿದ್ದ ಅತ್ತೆ ಕೈ ಎತ್ತಿ ತಡೆದರು. ನೀನು ಹೋದರೆ ಅಕ್ಕೋರು ಕಳಿಸಿದರು ಅಂತ ಆಗುತ್ತದೆ, ಇನ್ನಷ್ಟು ಸಣ್ಣವರಾಗುತ್ತಾರೆ ಅಂದರು. ಎಲ್ಲರ ಮುಂದೆ ಬರೆದು ಕೆಡಿಸಿದ್ದನ್ನು ಎಲ್ಲರ ಮುಂದೆ ಬರೆದೇ ಸರಿ ಮಾಡಬೇಕು, ಅದೂ ಅಕ್ಕೋರ ಹೆಸರು ಎಲ್ಲೂ ಬಾರದಂತೆ.

ಆಮೇಲೆ ನನ್ನ ಮೆಸೇಜನ್ನು ಓದಿಸಿ ಕೇಳಿದರು. ಒಮ್ಮೆ ಅಲ್ಲ, ಮೂರು ಸಲ. ಉಳಿದ ಅಂತ ಯಾಕೆ ಬರೆದೆ, ಉಳಿಯುವುದು ತಂಗಳು ಅನ್ನ ಅಂದರು. ಬದಲಿ ಇಲ್ಲ ಅಂತ ಯಾಕೆ ಬರೆದೆ, ನಾವು ಎಂದಾದರೂ ಬದಲಿ ಇಲ್ಲ ಅಂದಿದ್ದೇವೆಯೇ ಅಂತ ಕೇಳಿದರು. ಒಳ್ಳೆಯ ಸೀರೆಗೆ ಹಾಗೆ ಬರೆಯುವ ಅವಶ್ಯಕತೆ ಏನು, ನಾನಾದರೂ ಅನುಮಾನ ಪಡುತ್ತಿದ್ದೆ ಅಂದರು. ಗುಡ್ಡೆ ಹಾಕಿದ ಫೋಟೋ ತೋರಿಸಿದಾಗ ಮುಖ ಅತ್ತ ತಿರುಗಿಸಿದರು. ನಾನು ಎದುರು ಮಾತಾಡಿದೆ. ಇದೆಲ್ಲ ನಿಮ್ಮ ಕಾಲದ ಮಾತು, ಈಗ ಎಲ್ಲರೂ ಹೀಗೇ ಬರೆಯುತ್ತಾರೆ ಅಂದೆ. ಅತ್ತೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬೆಲಿ ಇಳಿಸಿದ್ರ ಮಂದಿ ತಪ್ಪು ಎಲ್ಲೈತಿ ಅಂತ ಹುಡಕ್ತಾರ," ಅಂದರು. "ಎಲ್ಲೈತಿ ಅಂತ ನೀ ಹೇಳಲಿಲ್ಲ. ಹಿಂಗಾಗಿ ಸೀರ್ಯಾಗ ಹುಡುಕಿದ್ರು. ತಪ್ಪು ನಿಂದ ಇತ್ತವಾ. ನಿಂದ ಅಂತ ಬರಿ."

ಅದನ್ನು ಬರೆಯಲು ನನಗೆ ಇಡೀ ಒಂದು ದಿನ ಹಿಡಿಯಿತು. ಅತಿ ಬೇಡಿಕೆ, ಗ್ರಾಹಕರ ಒತ್ತಾಯ ಅಂತ ಏನೇನೋ ಬರೆದೆ, ಅಳಿಸಿದೆ. ನನ್ನ ಅಂದಾಜು ತಪ್ಪಿತು ಅನ್ನುವ ಮೂರು ಶಬ್ದ ಬೆರಳಿಗೆ ಬರುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅಕ್ಕೋರ ಮಗಳು ಮನೆಯಲ್ಲಿ ಮಾತಿಲ್ಲದೆ ಕೂತಿದ್ದಾಳೆ ಅಂತ ಗೊತ್ತಿದ್ದೂ, ನನ್ನ ಜಂಬ ಇನ್ನೂ ಕೊಸರಾಡುತ್ತಿತ್ತು. ಬೆಲೆಯ ಬಗ್ಗೆಯೂ ತಿಣುಕಿದೆ. ಅರ್ಧ ಅಂತ ಒಮ್ಮೆ ಹೇಳಿದ ಮೇಲೆ ಪೂರ್ತಿ ಕೇಳುವುದು ಹೇಗೆ? ಆದರೆ ಅರ್ಧವೇ ಇಟ್ಟರೆ ಹಬ್ಬದ ಮೊದಲು ಕೊಂಡವರೆಲ್ಲ ಮೋಸ ಹೋದಂತೆ. ಕೊನೆಗೆ ಅತ್ತೆಯೇ ದಾರಿ ತೋರಿಸಿದರು. ಬೆಲೆ ಹಬ್ಬದ್ದೇ ಇರಲಿ, ಅದರ ಜೊತೆ ಹೊಂದುವ ಖಣ ಕೊಡು, ಮೊದಲು ಒಯ್ದವರಿಗೂ ಕರೆದು ಕೊಡು, ಆಗ ಯಾರೂ ಕಡಿಮೆಯಾಗುವುದಿಲ್ಲ ಅಂದರು.

ಹೊಸ ಫೋಟೋ ತೆಗೆದೆ. ಒಂದೇ ಸೀರೆ. ಅಂಗಳದಲ್ಲಿ ಹಗ್ಗಕ್ಕೆ ಹರವಿ, ಬೆಳಗಿನ ಬಿಸಿಲು ಹಿಂದಿನಿಂದ ಬೀಳುವಂತೆ, ಎಳೆ ಎಳೆಯೂ ಕಾಣುವ ಹಾಗೆ. ಕೆಳಗೆ ಹೀಗೆ ಬರೆದೆ:

"ನಮಸ್ಕಾರ. ಹೋದ ವಾರ ಅವಸರದಲ್ಲಿ ನಾನು ಬರೆದ ಮಾತು ಸರಿಯಿರಲಿಲ್ಲ. ನವಿಲುಬಣ್ಣದ ಇಳಕಲ್ ಸೀರೆಯನ್ನು ಈ ಹಬ್ಬಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನೇಯಿಸಿದೆ. ನನ್ನ ಅಂದಾಜು ತಪ್ಪಿತು. ಸೀರೆಯಲ್ಲಿ ಒಂದೆಳೆ ಕೊರತೆ ಇಲ್ಲ. ಹಬ್ಬದ ಮೊದಲು ನೀವು ಒಯ್ದದ್ದೂ, ಈಗ ನಮ್ಮಲ್ಲಿರುವ ಹದಿನಾಲ್ಕೂ ಒಬ್ಬರೇ ನೇಕಾರರ ಕೈಯವು. ಬೆಲೆ ಹಬ್ಬದ್ದೇ. ಜೊತೆಗೆ ಹೊಂದುವ ಖಣ ಅಂಗಡಿಯಿಂದ. ಮೊದಲು ಒಯ್ದವರೂ, ಉಡುಗೊರೆಯಾಗಿ ಪಡೆದವರೂ ಬಂದು ತಮ್ಮ ಖಣ ತೆಗೆದುಕೊಳ್ಳಬೇಕು. ಕೊರತೆ ಕಂಡರೆ ಎಂದಿನಂತೆ ಬದಲಿ ಕೊಡುತ್ತೇವೆ. ತುಳಸಿ ಲಗ್ನದ ನಂತರ ಮದುವೆ ಸೀರೆಗಳಿಗೆ ಜಾಗ ಬೇಕು, ಅಲ್ಲಿಯವರೆಗೆ ಇವು ನಿಮಗಾಗಿ."

ಕಳಿಸಿದ ಮೇಲೆ ಅವತ್ತು ಅಡಿಗೆ ಮಾಡಲಾಗಲಿಲ್ಲ. ಅಂಗಡಿಯ ಬಾಗಿಲಲ್ಲಿ ಕೂತೆ. ನನ್ನ ಲೆಕ್ಕ ಈಗ ಹದಿನಾಲ್ಕು ಸೀರೆಯದಾಗಿರಲಿಲ್ಲ. ಉಣಕಲ್ಲಿನ ಒಬ್ಬಾಕೆ ಅದನ್ನು ಓದುತ್ತಾರೋ ಇಲ್ಲವೋ, ಓದಿದರೆ ನಂಬುತ್ತಾರೋ ಇಲ್ಲವೋ, ಅಷ್ಟೇ. ಓದಿದ ಗುರುತು ಹುಡುಕಿ ಹತ್ತು ಸಲ ನೋಡಿದೆ. ಸಂಜೆಗೆ ಅವರ ಹೆಸರಿನ ಮುಂದೆ ಗುರುತು ಬಂತು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ.

ಬೇರೆಯವರು ಬಂದರು. ಕೆಲವರು ಅರ್ಧಕ್ಕೇ ಕೊಡಿ, ಬರೆದಿದ್ದಿರಲ್ಲ ಅಂತ ಜಗಳ ತೆಗೆದರು. ಮೊದಲೇ ಫೋನು ಮಾಡಿ ಎತ್ತಿಡಲು ಹೇಳಿದ್ದ ಇಬ್ಬರಿಗೆ ಮಾತು ಉಳಿಸಿಕೊಂಡು ಅರ್ಧಕ್ಕೇ ಕೊಟ್ಟೆ, ಉಳಿದವರಿಗೆ ಇಲ್ಲ ಅಂದೆ. ಅದಕ್ಕೆ ಬೈಸಿಕೊಂಡೆ, ಮೊದಲ ಬಾರಿಗೆ ತಿರುಗಿ ಬೈಯಲಿಲ್ಲ. ಹಬ್ಬದ ಮೊದಲು ಕೊಂಡವರು ಖಣಕ್ಕೆ ಬಂದಾಗ ಮುಖದ ಮೇಲೆ ಒಂದು ನೆಮ್ಮದಿ ಇತ್ತು. ಕೆಲವರು ಖಣದ ಜೊತೆ ಇನ್ನೊಂದು ಸೀರೆ ನೋಡಿದರು, ಒಂದಿಬ್ಬರು ಅದೇ ಬಣ್ಣವನ್ನು ಅಕ್ಕನಿಗೂ ಅಂತ ಒಯ್ದರು. ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದವರು ಯಾರೂ ಇಲ್ಲ. ಅದೇ ಸೀರೆ, ಅದೇ ಕಪಾಟು. ನೋಡಿ ನನಗೆ ನಗು ಬರಬೇಕಿತ್ತು, ಅಳು ಬಂತು.

ತುಳಸಿ ಲಗ್ನದ ದಿನ ಮಧ್ಯಾಹ್ನ ಇಳಿದ ಹೊತ್ತಿಗೆ ಬೀಗತಿ ಬಂದರು. ಒಬ್ಬರೇ. ಎತ್ತರದ ಹೆಣ್ಣುಮಗಳು, ಸೆರಗು ಬಿಗಿಯಾಗಿ ಹೊದ್ದಿದ್ದರು. ಖಣಕ್ಕೆ ಬಂದೆ ಅಂದರು. ಸೀರೆ ತಂದಿದ್ದೀರಾ, ಬಣ್ಣ ಹೊಂದಿಸೋಣ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕಪಾಟಿನಿಂದ ಒಂದು ಸೀರೆ ತೆಗೆದು ಅವರ ಮುಂದೆ ಪೂರ್ತಿ ಬಿಚ್ಚಿದೆ. ಅವರು ಬಹಳ ಹೊತ್ತು ನೋಡಿದರು. ಅಂಚನ್ನಲ್ಲ, ಒಡಲನ್ನು. ಅಂಗೈ ಇಟ್ಟು ಸವರಿದರು. ಆಮೇಲೆ ಕೆಲಗೇರಿಯ ಅಕ್ಕೋರು ಇದನ್ನು ಇಲ್ಲೇ ಕೊಂಡರೇ ಅಂತ ಕೇಳಿದರು.

ಬೆಲೆ ಹೇಳಿಬಿಡಬೇಕು ಅಂತ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಒಂದು ಗಳಿಗೆಯಲ್ಲಿ ಎಲ್ಲ ಮುಗಿಯುತ್ತಿತ್ತು, ಅಕ್ಕೋರು ಕಾಪಾಡಿಕೊಂಡ ಮಾನವೂ ಮುಗಿಯುತ್ತಿತ್ತು. ನಾನು ಇಷ್ಟೇ ಹೇಳಿದೆ. ಅವರು ಹಬ್ಬಕ್ಕೆ ವಾರ ಮೊದಲು ಬಂದಿದ್ದರು. ಅಂಗಡಿಯಲ್ಲಿ ಇರುವುದರಲ್ಲಿ ನೀವು ನಿಮ್ಮ ತಾಯಿಗೆ ಯಾವುದನ್ನು ಕೊಡುತ್ತಿದ್ದಿರೋ ಅದನ್ನು ಕೊಡಿ ಅಂದರು. ನಾನು ಇದನ್ನು ಕೊಟ್ಟೆ.

ಅದು ಖರೆಯೇ. ನೀವೇ ಆರಿಸಿ ಅಂದಾಗ ಅವರು ಹೇಳಿದ್ದು ಅದನ್ನೇ. ಬೀಗತಿ ಸೀರೆಯ ಮೇಲಿನ ಕೈ ತೆಗೆಯಲಿಲ್ಲ. ಮೂಲೆಯಿಂದ ಅತ್ತೆ, ಚಹಾ ಕುಡಿದು ಹೋಗಿ ಅಂದರು. ಬೇಡ ಅಂದರು. ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಖಣ ತೆಗೆದುಕೊಂಡು ನೀವೂ ನನ್ನ ಜೊತೆ ಕೆಲಗೇರಿಗೆ ಬರುತ್ತೀರಾ ಅಂತ ಕೇಳಿದರು. ಒಬ್ಬಳೇ ಹೋದರೆ ಏನಂತ ಹೋಗಲಿ, ಖಣ ಕೊಡಲು ಬಂದೆವು ಅಂತ ಆದರೆ ಒಳಗೆ ಕಾಲಿಡಬಹುದು ಅಂದರು. ಅಷ್ಟು ಬಿಗಿಯಾದ ಹೆಣ್ಣುಮಗಳು ಹಾಗೆ ಕೇಳಿದ್ದೇ ತಡ, ನಾನು ಖಣ ಕಟ್ಟಿಕೊಂಡು ಎದ್ದೆ. ಅಂಗಡಿಯನ್ನು ಅತ್ತೆಗೆ ಒಪ್ಪಿಸಿ ಆಟೋ ಹಿಡಿದೆವು.

ಕೆಲಗೇರಿಯ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅಂಗಳದಲ್ಲಿ ತುಳಸಿ ಕಟ್ಟೆಗೆ ಕಬ್ಬು ಕಟ್ಟಿ, ರಂಗೋಲಿ ಹಾಕಿ ಇಟ್ಟಿದ್ದರು. ಅಕ್ಕೋರು ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡಿ ನಿಂತುಬಿಟ್ಟರು. ಖಣ ಕೊಡಲು ಬಂದೆವು ಅಂತ ನಾನು ಹೇಳಿದ ಮಾತು ಯಾರ ಕಿವಿಗೂ ಬೀಳಲಿಲ್ಲ, ಯಾಕೆಂದರೆ ಆಗಲೇ ಒಳಗಿನಿಂದ ಆರತಿ ತಟ್ಟೆ ಹಿಡಿದು ಮಗಳು ಬಂದಳು. ಆಕೆ ಆ ಸೀರೆ ಉಟ್ಟಿದ್ದಳು.

ಹೊಸ ಸೀರೆಯ ಗರಿ ಇನ್ನೂ ಮುರಿದಿರಲಿಲ್ಲ. ಇಳಿಬಿಸಿಲಲ್ಲಿ ಅದರ ಬಣ್ಣ ಒಂದು ನಿರಿಗೆಯಲ್ಲಿ ಹಸಿರು, ಪಕ್ಕದ್ದರಲ್ಲಿ ನೀಲಿ. ಕೆಂಪು ಸೆರಗು ತಲೆಯ ಮೇಲಿತ್ತು. ಯಾರಿಗೂ ಬೇಡವಾದ ಸೀರೆಯನ್ನು ಅವ್ವನ ಮುಂದೆ ನಾನಾದರೂ ಉಡುತ್ತೇನೆ ಅಂತ ಆಕೆ ಉಟ್ಟಿದ್ದಾಳೆ ಅನ್ನುವುದು ನೋಡಿದವರಿಗೆ ತಿಳಿಯುವಂತಿತ್ತು. ತನ್ನ ಅತ್ತೆಯನ್ನು ನೋಡಿದ ಕೂಡಲೇ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಿಚ್ಚಿ ಕೊಡ್ಲೇನ್ರಿ ಅತ್ತಿ?" ಅಂದಳು.

ಬೀಗತಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಚಪ್ಪಲಿ ಬಿಟ್ಟು ಅಂಗಳ ದಾಟಿ ಹೋಗಿ, ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸರಿಯಿದ್ದ ನಿರಿಗೆಗಳನ್ನೇ ಮತ್ತೆ ಒಂದೊಂದಾಗಿ ಸರಿಮಾಡತೊಡಗಿದರು.

"ಬ್ಯಾಡವಾ," ಅಂದರು. "ನಾ ಫೋನ್ ನೋಡಿದೆ. ಸೀರಿ ನೋಡಲಿಲ್ಲ."

ಆಮೇಲೆ ಪೂಜೆ ಆಯಿತು. ಬೀಗತಿ ತಾವೇ ನಿಂತು ಸೊಸೆಯಿಂದ ಆರತಿ ಮಾಡಿಸಿದರು. ನಾಳೆ ಬೆಳಿಗ್ಗೆ ಮಗ ಬಂದು ಕರೆದುಕೊಂಡು ಹೋಗುತ್ತಾನೆ, ಇವತ್ತು ನಾನೂ ಇಲ್ಲೇ ಇರುತ್ತೇನೆ ಅಂದರು. ಖಣವನ್ನು ನಾನು ಆ ಹುಡುಗಿಯ ಕೈಗೆ ಕೊಟ್ಟೆ, ಉಟ್ಟವಳದೇ ಅಲ್ಲವೇ ಅದು. ಆಕೆ ನಕ್ಕಳು. ಎಲ್ಲ ಸರಿಹೋಯಿತು ಅಂದುಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತೆ.

ಅಕ್ಕೋರು ಅಡಿಗೆಮನೆಯಲ್ಲಿ ಚಹಾ ಮಾಡುತ್ತಿದ್ದರು. ಹದಿನೈದು ವರ್ಷದಿಂದ ನಾನು ಅವರ ಮನೆಯಲ್ಲಿ, ಅವರು ನಮ್ಮ ಅಂಗಡಿಯಲ್ಲಿ ಎಷ್ಟು ಸಲ ಚಹಾ ಕುಡಿದಿದ್ದೇವೋ ದೇವರಿಗೇ ಗೊತ್ತು. ನನಗೆ ಸಕ್ಕರೆ ಇಲ್ಲದ ಚಹಾ. ನಾನು ಹೇಳುವ ಮೊದಲೇ ನನ್ನ ಲೋಟ ಬೇರೆ ತೆಗೆದಿಡುತ್ತಿದ್ದರು. ಅವತ್ತು ಬಾಗಿಲಿಗೆ ಬಂದು, ಹೊಸದಾಗಿ ಮನೆಗೆ ಬಂದವರನ್ನು ಕೇಳುವಷ್ಟು ಮರ್ಯಾದೆಯಿಂದ ಕೇಳಿದರು.

"ನಿಮ್ಮ ಚಹಾಕ್ಕ ಸಕ್ಕರಿ ಹಾಕ್ಲೇನ್ರಿ?"